ಮೋಲ್ಡ್ ಹಾಕಿಸಲು ಚೀಟಿ ಎತ್ತಿದ ಕಥೆ: ನಮ್ಮನೆಯ 25 ತಿಂಗಳ ಲೆಕ್ಕ

ಕಳೆದ ತಿಂಗಳು ನಮ್ಮ ಚೀಟಿಯ ಇಪ್ಪತ್ತೈದನೇ ಕಂತು ಕಟ್ಟಿ ಬಂದೆ. ಪಾಸ್‌ಬುಕ್ಕಿನ ಕೊನೆ ಸಾಲಿಗೆ ಸೀಲು ಬಿತ್ತು. ಮನೆಗೆ ಬಂದು ಅಡುಗೆಮನೆ ಕಟ್ಟೆ ಮೇಲೆ ಕೂತು, ಮಗಳ ರಫ್ ನೋಟ್‌ಬುಕ್ಕಿನಲ್ಲಿ ಮೊದಲಿನಿಂದ ಕೊನೆವರೆಗೆ ಕೂಡಿ ಕಳೆದೆ. ಎರಡು ವರ್ಷ ಮೊದಲೇ ಈ ಲೆಕ್ಕ ಹಾಕಬೇಕಿತ್ತು ಅನ್ನಿಸಿತು. ಚೀಟಿಗೆ ಸೇರಲಾ, ಬ್ಯಾಂಕ್ ಸಾಲ ಮಾಡಲಾ ಅಂತ ಈಗ ಯೋಚನೆ ಮಾಡುತ್ತಿರುವವರಿಗೆ ಉಪಯೋಗವಾಗಲಿ ಅಂತ ನಡೆದಿದ್ದನ್ನು ನಡೆದ ಹಾಗೇ ಬರೆಯುತ್ತಿದ್ದೇನೆ.

ನಾವಿರುವುದು ತುಮಕೂರಿನ ಹೊರಗೆ. ನಾನು ಖಾಸಗಿ ಶಾಲೆಯಲ್ಲಿ ಟೀಚರ್, ನಮ್ಮನೆಯವರದ್ದು ಟೂ ವೀಲರ್ ಗ್ಯಾರೇಜ್. ಅತ್ತೆ, ಮಗಳು ಸೇರಿ ನಾಲ್ಕು ಜನ. ಮನೆ ಸ್ವಂತದ್ದೇ, ಆದರೆ ಶೀಟಿನ ಮನೆ. ಬೇಸಿಗೆಯಲ್ಲಿ ಒಳಗೆ ಕೂರುವ ಹಾಗಿಲ್ಲ, ಮಳೆಗಾಲದಲ್ಲಿ ಮೂರು ಕಡೆ ಪಾತ್ರೆ ಇಡಬೇಕು. 2023ರ ದಸರಾ ಹೊತ್ತಿಗೆ ಮೇಸ್ತ್ರಿಯನ್ನು ಕರೆಸಿ ಅಳತೆ ಹಾಕಿಸಿದೆವು. ಶೀಟು ಇಳಿಸಿ, ಬೀಮ್ ಕಟ್ಟಿ, ಮೋಲ್ಡ್ ಹಾಕಲು ಎರಡು ಲಕ್ಷದ ನಲವತ್ತೈದು ಸಾವಿರ ಅಂದರು. ಕೈಯಲ್ಲಿ ಇದ್ದಿದ್ದು ನಲವತ್ತು ಸಾವಿರ. ಒಡವೆ ಆಗಲೇ ಮಗಳ ಕಾಲೇಜು ಫೀಸಿಗೆ ಅಂತ ಅಡ ಇಟ್ಟಿದ್ದೆವು.

ಮೊದಲು ಹೋಗಿದ್ದು ನನ್ನ ಸಂಬಳ ಬೀಳುವ ಬ್ಯಾಂಕಿಗೆ. ಮನೆ ಸಾಲಕ್ಕೆ ಬಡ್ಡಿ ಕಮ್ಮಿ ಅಲ್ವಾ, ಅದೇ ಕೇಳೋಣ ಅಂದುಕೊಂಡೆವು. ಮ್ಯಾನೇಜರ್ ಚಿಕ್ಕ ವಯಸ್ಸಿನವರು, ತಾಳ್ಮೆಯಿಂದ ಕಾಗದ ನೋಡಿದರು. ನಮ್ಮ ಸೈಟು ಪಂಚಾಯಿತಿಯದ್ದು, ಇ-ಸ್ವತ್ತಿನಲ್ಲಿ ಸಿಕ್ಕಿದ್ದು 11ಬಿ ನಮೂನೆಯ ಕಾಗದ. "ಇದಕ್ಕೆ ಮನೆ ಸಾಲ ಕೊಡೋಕೆ ಆಗಲ್ಲ ಮೇಡಂ, ಪರ್ಸನಲ್ ಲೋನ್ ನೋಡೋಣ" ಅಂದರು. ನಮ್ಮನೆಯವರ ಸಂಪಾದನೆ ನನಗಿಂತ ಜಾಸ್ತಿ, ಆದರೆ ಎಲ್ಲಾ ಕೈಗೆ ಬಂದು ಕೈಯಿಂದಲೇ ಹೋಗುವ ದುಡ್ಡು. "ಸಾರ್ ಅವರ ಎರಡು ವರ್ಷದ ಐಟಿ ರಿಟರ್ನ್ಸ್ ಇದೆಯಾ?" ಅಂತ ಕೇಳಿದಾಗ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಟ್ಯಾಕ್ಸ್ ಕಟ್ಟುವಷ್ಟು ಆದಾಯ ಇಲ್ಲದಿದ್ದರೂ ರಿಟರ್ನ್ಸ್ ಹಾಕಬಹುದು, ಸಾಲಕ್ಕೆ ಅದೇ ಆದಾಯದ ಪುರಾವೆ ಅಂತ ಗೊತ್ತಾಗಿದ್ದು ಅವತ್ತು.

ಕೊನೆಗೆ ನನ್ನ ಹತ್ತೊಂಬತ್ತು ಸಾವಿರ ಸಂಬಳದ ಮೇಲೆ, ಇರುವ ಗಾಡಿ ಸಾಲದ ಕಂತು ಕಳೆದು, ಲೆಕ್ಕ ಹಾಕಿ ಹೇಳಿದರು: ಒಂದು ಲಕ್ಷದ ಮೂವತ್ತು ಸಾವಿರ, ಬಡ್ಡಿ ವರ್ಷಕ್ಕೆ ಶೇ. 14. ಅದರ ಮೇಲೆ ಪ್ರೊಸೆಸಿಂಗ್ ಫೀಸು. ನಮಗೆ ಬೇಕಿರುವುದು ಎರಡು ಲಕ್ಷ. ಇಷ್ಟರಲ್ಲಿ ಬೀಮ್ ಕೂಡ ಮುಗಿಯಲ್ಲ ಅಂತ ಎದ್ದು ಬಂದೆವು. ಈ 1,30,000 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ.

ಚೀಟಿ ಅಂದರೆ ನಮ್ಮನೆಯಲ್ಲಿ ಅತ್ತೆಗೆ ಆಗುವುದೇ ಇಲ್ಲ. ಅದಕ್ಕೆ ಕಾರಣ ಇದೆ. ಕೆಲವು ವರ್ಷದ ಹಿಂದೆ ಹಿಂದಿನ ಬೀದಿಯ ಒಬ್ಬ ಹೆಂಗಸು ಏರಿಯಾ ಚೀಟಿ ನಡೆಸುತ್ತಿದ್ದರು. ಅಂಗೈಯಗಲದ ಪಾಕೆಟ್ ಪುಸ್ತಕ, ಅದರಲ್ಲಿ ತಿಂಗಳು, ಮೊತ್ತ, ಅವರದೊಂದು ಇನಿಷಿಯಲ್. ಇಷ್ಟೇ ದಾಖಲೆ. ಮೊದಲೆರಡು ಚೀಟಿ ನೇರವಾಗಿ ನಡೆದವು, ಅತ್ತೆಗೂ ನಂಬಿಕೆ ಬಂತು. ಮೂರನೇದರಲ್ಲಿ ಅತ್ತೆ ಚೀಟಿ ಕೂಗಿ ಎತ್ತಿದಾಗ, "ಅಮ್ಮಾ, ಈಗ ನಿಮಗೇನು ಅರ್ಜೆಂಟ್ ಇಲ್ವಲ್ಲ, ದುಡ್ಡು ನನ್ನ ಹತ್ರಾನೇ ಇರಲಿ, ಎರಡು ರೂಪಾಯಿ ಬಡ್ಡಿ ಕೊಡ್ತೀನಿ" ಅಂದರಂತೆ. ಅತ್ತೆ ಬಿಟ್ಟರು. ಇನ್ನೂ ಹತ್ತಾರು ಜನ ಹಾಗೇ ಬಿಟ್ಟಿದ್ದರು ಅಂತ ಗೊತ್ತಾಗಿದ್ದು, ಒಂದು ಸೋಮವಾರ ಬೆಳಗ್ಗೆ ಆ ಮನೆಗೆ ಬೀಗ ಬಿದ್ದ ಮೇಲೆ. ಸ್ಟೇಷನ್ನಿಗೆ ಹೋದರೆ ಮೊದಲು ಕೇಳಿದ್ದೇ "ಕಾಗದ ಏನಿದೆ?" ಅಂತ.

ಇಂಥ ಚೀಟಿ ಮುಳುಗುವ ರೀತಿ ಆಮೇಲೆ ನನಗೆ ಅರ್ಥವಾಯಿತು. ಎತ್ತಿದವರು ಒಂದಿಬ್ಬರು ಕಂತು ಕಟ್ಟುವುದನ್ನು ನಿಲ್ಲಿಸುತ್ತಾರೆ. ನಡೆಸುವವರು ಆ ತೂತು ಮುಚ್ಚಲು ಹೊಸ ಚೀಟಿ ಶುರು ಮಾಡಿ, ಅದರ ದುಡ್ಡು ತಂದು ಹಳೆಯದಕ್ಕೆ ಹಾಕುತ್ತಾರೆ. ಎತ್ತಿದವರಿಗೆ ದುಡ್ಡು ಕೊಡುವುದು ಎರಡು ವಾರ, ಒಂದು ತಿಂಗಳು ಅಂತ ಮುಂದೆ ಹೋಗುತ್ತದೆ. ಒಬ್ಬರೇ ಒಟ್ಟಿಗೆ ನಾಲ್ಕೈದು ಚೀಟಿ ನಡೆಸುತ್ತಿದ್ದರೆ, ಅದರಲ್ಲಿ ಅವರ ತಂಗಿ, ಮೈದುನ ಅಂತ ಹೆಸರುಗಳೇ ಜಾಸ್ತಿ ಇದ್ದರೆ, ಮೇಲೆ "ದುಡ್ಡು ನನ್ನ ಹತ್ರಾನೇ ಇರಲಿ" ಅನ್ನುವ ಮಾತು ಬಂದರೆ, ಅಲ್ಲಿಗೆ ಕೈ ತೊಳೆದುಕೊಂಡು ಬರುವುದು ವಾಸಿ.

ಅದಕ್ಕೇ ನಾನು ಹಟ ಹಿಡಿದಿದ್ದು ರಿಜಿಸ್ಟರ್ ಆದ ಚೀಟಿಯೇ ಆಗಬೇಕು ಅಂತ. ಪೇಟೆಯಲ್ಲಿ ಒಂದು ಕಂಪನಿ ಇತ್ತು, ಹೆಸರು ಬೇಡ ಬಿಡಿ. ಕಂಪನಿ ರಿಜಿಸ್ಟರ್ ಆಗಿದೆ ಅಂತ ಗೋಡೆಗೆ ಫ್ರೇಮ್ ಹಾಕಿದ್ದರು. ಅದು ಸಾಲದು. 1982ರ ಚಿಟ್ ಫಂಡ್ಸ್ ಕಾಯ್ದೆ ಪ್ರಕಾರ ಪ್ರತಿಯೊಂದು ಗುಂಪೂ ಬೇರೆ ಬೇರೆಯಾಗಿ ನೋಂದಣಿ ಆಗಬೇಕು. ನೀವು ಸೇರುವ ಗುಂಪಿನ ನಂಬರು ಯಾವುದು, ಶುರು ಮಾಡಲು ರಿಜಿಸ್ಟ್ರಾರ್ ಕೊಟ್ಟ ಸರ್ಟಿಫಿಕೇಟ್ ಎಲ್ಲಿ ಅಂತ ಕೇಳಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡುವುದು ಸಹಕಾರ ಇಲಾಖೆ. ನಮ್ಮನೆಯವರು ಗುಂಪಿನ ನಂಬರು ಬರೆದುಕೊಂಡು ಅಲ್ಲಿನ ಕಚೇರಿಗೇ ಹೋಗಿ ವಿಚಾರಿಸಿ ಬಂದರು. ಒಂದು ಅರ್ಧ ದಿನ ಗ್ಯಾರೇಜ್ ಬಾಗಿಲು ಹಾಕಬೇಕಾಯಿತು, ಅಷ್ಟೇ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. "ಸರ್ಕಾರದಲ್ಲಿ ಠೇವಣಿ ಇಟ್ಟಿದ್ದೀವಿ ಮೇಡಂ, ನಿಮ್ಮ ದುಡ್ಡು ಭದ್ರ" ಅಂತ ಏಜೆಂಟರು ಹೇಳುತ್ತಾರೆ. ಠೇವಣಿ ಇಡುವುದು ನಿಜ. ಆದರೆ ಎಷ್ಟು? ಒಂದು ಚೀಟಿ ಮೊತ್ತದಷ್ಟು, ನಮ್ಮ ಗುಂಪಿನಲ್ಲಿ ಮೂರು ಲಕ್ಷ. ನಮ್ಮ ಗುಂಪಿನ ಹನ್ನೆರಡನೇ ತಿಂಗಳನ್ನೇ ನೋಡಿ. ಇನ್ನೂ ಚೀಟಿ ಎತ್ತದೆ ಉಳಿದವರು ಹದಿಮೂರು ಜನ. ಒಬ್ಬೊಬ್ಬರೂ ಅಷ್ಟರಲ್ಲಿ ಒಂದು ಲಕ್ಷದ ಹದಿನಾಲ್ಕು ಸಾವಿರ ಕಟ್ಟಿದ್ದರು. ಅಂದರೆ ಸುಮಾರು ಹದಿನೈದು ಲಕ್ಷ. ಅವತ್ತು ಕಂಪನಿ ಬಾಗಿಲು ಹಾಕಿದ್ದರೆ ಆ ಮೂರು ಲಕ್ಷ ಯಾರ ಮೂಗಿಗೆ ಸವರಬೇಕು? ಬ್ಯಾಂಕಿನ ಠೇವಣಿಗೆ ಐದು ಲಕ್ಷದ ತನಕ ವಿಮೆ ಇರುತ್ತದೆ, ಚೀಟಿಗೆ ಅದೂ ಇಲ್ಲ. ರಿಜಿಸ್ಟರ್ ಆಗಿದ್ದರೆ ಕೇಸು ಹಾಕಲು ಕಾಗದ ಇರುತ್ತದೆ, ಕೇಳಲು ಒಂದು ಕಚೇರಿ ಇರುತ್ತದೆ. ದುಡ್ಡು ಬಂದೇ ಬರುತ್ತದೆ ಅನ್ನುವ ಗ್ಯಾರಂಟಿ ಅಲ್ಲ.

ನಾವು ಸೇರಿದ್ದು ಮೂರು ಲಕ್ಷದ ಚೀಟಿ. 25 ಜನ, 25 ತಿಂಗಳು, ತಿಂಗಳಿಗೆ ಹನ್ನೆರಡು ಸಾವಿರ. 2023ರ ಅಕ್ಟೋಬರ್‌ನಲ್ಲಿ ಶುರು. ಮೊದಲ ತಿಂಗಳ ಚೀಟಿ ಕಂಪನಿಯದ್ದೇ, ಅದಕ್ಕೆ ಕೂಗು ಇಲ್ಲ. ಎರಡನೇ ತಿಂಗಳಿನಿಂದ ಹರಾಜು. ಯಾರು ಜಾಸ್ತಿ ಬಿಟ್ಟುಕೊಡುತ್ತಾರೋ ಅವರಿಗೆ ಚೀಟಿ. ಬಿಟ್ಟುಕೊಟ್ಟ ದುಡ್ಡಿನಲ್ಲಿ ಕಂಪನಿ ತನ್ನ ಕಮಿಷನ್ ಹದಿನೈದು ಸಾವಿರ ತೆಗೆದುಕೊಂಡು, ಉಳಿದದ್ದನ್ನು 25 ಜನಕ್ಕೆ ಸಮನಾಗಿ ಹಂಚುತ್ತದೆ. ಅದೇ ಡಿವಿಡೆಂಡ್, ಮುಂದಿನ ಕಂತಿನಲ್ಲಿ ಕಳೆಯುತ್ತಾರೆ. ನಮ್ಮಲ್ಲಿ ಕಮಿಷನ್ ಶೇ. 5. 2019ರ ತಿದ್ದುಪಡಿಯಲ್ಲಿ ಶೇ. 7ರ ತನಕ ತೆಗೆದುಕೊಳ್ಳಬಹುದು ಅಂತ ಮಾಡಿದ್ದಾರೆ, ಹಾಗಾಗಿ ಸೇರುವ ಮೊದಲು ಒಪ್ಪಂದದಲ್ಲಿ ಎಷ್ಟಿದೆ ನೋಡಿ. ಎಷ್ಟು ಬಿಡಬಹುದು ಅನ್ನುವುದಕ್ಕೂ ಮಿತಿ ಅಲ್ಲೇ ಬರೆದಿರುತ್ತದೆ. ನಮ್ಮದರಲ್ಲಿ ಶೇ. 30, ಅಂದರೆ ತೊಂಬತ್ತು ಸಾವಿರ.

ಏಜೆಂಟ್ ಹೇಳಿದ್ದು, "ನಾಲ್ಕನೇ ತಿಂಗಳಿಗೆ ಎತ್ತಿಕೊಳ್ಳಿ ಮೇಡಂ, ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು ಮಾಡಿಬಿಡಿ" ಅಂತ. ಮೇಸ್ತ್ರಿಗೆ ಫೆಬ್ರವರಿ ಅಂತ ಹೇಳಿ ಐದು ಸಾವಿರ ಅಡ್ವಾನ್ಸ್ ಕೂಡ ಕೊಟ್ಟೆವು.

ಜನವರಿ 18ಕ್ಕೆ ಹರಾಜಿಗೆ ಹೋದೆ, ಶಾಲೆಯಲ್ಲಿ ಅರ್ಧ ದಿನ ರಜೆ ಹಾಕಿ. ಸಣ್ಣ ಹಾಲು, ಪ್ಲಾಸ್ಟಿಕ್ ಕುರ್ಚಿಗಳು. ಕೂಗು ಅಂದರೆ ಹತ್ತು ಸಾವಿರ, ಇಪ್ಪತ್ತು ಸಾವಿರ ಅಂತ ನಿಧಾನವಾಗಿ ಏರುತ್ತದೆ, ನಾನು ಎಪ್ಪತ್ತಕ್ಕೆ ನಿಲ್ಲಿಸುತ್ತೇನೆ ಅಂತೆಲ್ಲ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಿದ್ದೆ. ಕಂಪನಿಯ ಮ್ಯಾನೇಜರ್ "ಶುರು ಮಾಡಿ" ಅಂದಿದ್ದೇ ತಡ, ಎರಡು ಮೂರು ಕಡೆಯಿಂದ ಒಟ್ಟಿಗೆ "ತೊಂಬತ್ತು!" ಅಂದರು. ಎರಡು ನಿಮಿಷದಲ್ಲಿ ಹನ್ನೊಂದು ಜನ ತೊಂಬತ್ತಕ್ಕೆ ಕೈ ಎತ್ತಿದ್ದರು, ನನ್ನನ್ನೂ ಸೇರಿಸಿ. ಮಿತಿ ದಾಟಿ ಕೂಗುವ ಹಾಗಿಲ್ಲ. ಆಗ ಲಾಟರಿ.

ಟಿಫನ್ ಕ್ಯಾರಿಯರ್‌ನ ಒಂದು ಸ್ಟೀಲ್ ಡಬ್ಬಿ ತಂದರು. ಹನ್ನೊಂದು ಟಿಕೆಟ್ ನಂಬರ್ ಬರೆದು, ಒಂದೇ ಥರ ನಾಲ್ಕು ಮಡಿಕೆ ಮಾಡಿ ಹಾಕಿ, ಗಲಗಲ ಅಲ್ಲಾಡಿಸಿ, ಯಾರೋ ಜೊತೆಗೆ ಕರೆತಂದಿದ್ದ ಚಿಕ್ಕ ಹುಡುಗನ ಕೈಲಿ ಒಂದು ತೆಗೆಸಿದರು. ನನ್ನದಲ್ಲ. ಫೆಬ್ರವರಿಯಲ್ಲಿ ಹತ್ತು ಜನ, ಆಗಲೂ ನನ್ನದಲ್ಲ. ಮಾರ್ಚ್‌ನಲ್ಲಿ ಒಂಬತ್ತು, ಏಪ್ರಿಲ್‌ನಲ್ಲಿ ಎಂಟು. ಪ್ರತಿ ಸಲ ಅರ್ಧ ದಿನ ರಜೆ, ಪ್ರತಿ ಸಲ ಅದೇ ಡಬ್ಬಿಯ ಸದ್ದು. ಮೇಸ್ತ್ರಿ ಫೋನ್ ಮಾಡಿ, "ಅಕ್ಕಾ, ನಾನು ಬೇರೆ ಕೆಲಸ ಹಿಡಿದಿದ್ದೀನಿ, ನಿಮ್ಮದು ಆದಾಗ ಹೇಳಿ" ಅಂದರು.

ಹರಾಜು ಚೀಟಿಯಲ್ಲಿ ನನಗೆ ಯಾರೂ ಬಿಡಿಸಿ ಹೇಳದೇ ಇದ್ದ ವಿಷಯ ಇದೇ. ಮೊದಲ ತಿಂಗಳುಗಳಲ್ಲಿ ಎಲ್ಲರಿಗೂ ಅರ್ಜೆಂಟು. ವ್ಯಾಪಾರಕ್ಕೆ ದುಡ್ಡು ಬೇಕಾದವರು, ಎತ್ತಿ ಬಡ್ಡಿಗೆ ಬಿಡುವವರು, ಎಲ್ಲರೂ ನೇರ ಮಿತಿಗೇ ಕೂಗುತ್ತಾರೆ. ಹೆಸರಿಗೆ ಹರಾಜು, ನಡೆಯುವುದು ಅದೃಷ್ಟದ ಆಟ. ಅತಿ ಹೆಚ್ಚು ಕಳೆದುಕೊಳ್ಳಲು ಒಪ್ಪಿದರೂ ಯಾವ ತಿಂಗಳು ದುಡ್ಡು ಬರುತ್ತದೆ ಅಂತ ಹೇಳಲು ಆಗುವುದಿಲ್ಲ. ಮದುವೆ, ಫೀಸು, ಆಪರೇಷನ್ ಥರ ತಾರೀಕು ಗೊತ್ತಿರುವ ಖರ್ಚಿಗೆ ಹೊಸ ಚೀಟಿ ನಂಬಿಕೊಂಡರೆ ಕಷ್ಟ.

ನನಗೆ ಬಂದಿದ್ದು ಮೇ 18ಕ್ಕೆ, ಎಂಟನೇ ತಿಂಗಳು. ತೊಂಬತ್ತಕ್ಕೆ ಕೂಗಿದವರು ಆರೇ ಜನ. ನನ್ನ ನಂಬರ್ ಓದಿದಾಗ ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳಲ್ಲ. ತೊಂಬತ್ತು ಸಾವಿರ ಬಿಟ್ಟುಕೊಟ್ಟಿದ್ದೀನಿ ಅನ್ನುವುದು ಆಟೋದಲ್ಲಿ ಮನೆಗೆ ಬರುವಾಗ ತಲೆಗೆ ಬಂತು.

ದುಡ್ಡು ಮಾತ್ರ ಅವತ್ತು ಬರಲಿಲ್ಲ. "ಶ್ಯೂರಿಟಿ ತಂದುಕೊಡಿ ಮೇಡಂ, ಚೆಕ್ ಕೊಡ್ತೀವಿ." ಉಳಿದ ಹದಿನೇಳು ಕಂತಿಗೆ, ಅಂದರೆ ಎರಡು ಲಕ್ಷದ ನಾಲ್ಕು ಸಾವಿರಕ್ಕೆ ಜಾಮೀನು ಬೇಕು. ಇಬ್ಬರು ಬೇಕು, ಅದರಲ್ಲಿ ಒಬ್ಬರಾದರೂ ಸರ್ಕಾರಿ ನೌಕರರೇ ಆಗಬೇಕು. ಇಬ್ಬರ ಸಂಬಳದ ಸರ್ಟಿಫಿಕೇಟ್ ಕೂಡ ಬೇಕು, ಅವರ ಕಚೇರಿಯಲ್ಲಿ ಸಂಬಳ ಬಟವಾಡೆ ಮಾಡುವ ಅಧಿಕಾರಿಯ ಸಹಿ, ಸೀಲಿನ ಜೊತೆ. ಇದರ ಮೇಲೆ ನನ್ನಿಂದ ಮೂರು ಖಾಲಿ ಚೆಕ್, ಒಂದು ಪ್ರಾಮಿಸರಿ ನೋಟು. ಇದೆಲ್ಲ ಒಪ್ಪಂದದಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು, ಓದಿರಲಿಲ್ಲ. ಎಫ್‌ಡಿ, ಎಲ್‌ಐಸಿ ಬಾಂಡ್ ಇದ್ದರೂ ಆಗುತ್ತದೆ ಅಂದರು. ಅವೆಲ್ಲ ಇದ್ದಿದ್ದರೆ ನಾನ್ಯಾಕೆ ಚೀಟಿ ಎತ್ತುತ್ತಿದ್ದೆ?

ಸಾಲ ಕೇಳುವುದಕ್ಕಿಂತ ಶ್ಯೂರಿಟಿ ಕೇಳುವುದು ಕಷ್ಟ. ನಮ್ಮ ಚಿಕ್ಕಪ್ಪನ ಮಗ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರು. ಅಣ್ಣ ಬೇಡ ಅನ್ನಲಿಲ್ಲ, ಆದರೆ ಅತ್ತಿಗೆ ಕಾಫಿ ತಂದಿಟ್ಟವರು ಒಳಗೆ ಹೋಗಿ ಮತ್ತೆ ಹೊರಗೆ ಬರಲೇ ಇಲ್ಲ. ಅವರ ಸಂಬಳದ ಸರ್ಟಿಫಿಕೇಟ್ ಬರಲು ಹತ್ತು ದಿನ ಆಯಿತು. ಎರಡನೆಯವರು ನಮ್ಮನೆಯವರ ಸ್ನೇಹಿತರು. ಅವರು ಆಗಲೇ ಇನ್ಯಾರಿಗೋ ಜಾಮೀನು ಹಾಕಿದ್ದರಿಂದ ಕಂಪನಿ ಒಪ್ಪಲಿಲ್ಲ. ಮತ್ತೊಬ್ಬರನ್ನು ಹುಡುಕಿದೆವು. ಅಂತೂ ಜೂನ್ 11ಕ್ಕೆ ಚೆಕ್ ಕೈಗೆ ಬಂತು, ಕೂಗಿ 24 ದಿನ ಆದ ಮೇಲೆ.

ಇಲ್ಲಿ ಒಂದು ಮಾತು. ಸರಿಯಾದ ಜಾಮೀನು ಕೊಟ್ಟ ಮೇಲೆ, ಮುಂದಿನ ಕಂತಿನ ತಾರೀಕಿಗೆ ಮೊದಲೇ ಕಂಪನಿ ದುಡ್ಡು ಕೊಡಬೇಕು ಅಂತ ಕಾಯ್ದೆಯಲ್ಲಿದೆ. ನೀವು ಜಾಮೀನು ಕೊಡುವುದು ತಡವಾದರೆ ಆ ದುಡ್ಡನ್ನು ಬ್ಯಾಂಕಿನ ಬೇರೆ ಖಾತೆಯಲ್ಲಿ ಇಡಬೇಕು, ತಮ್ಮ ಖರ್ಚಿಗೆ ಬಳಸುವ ಹಾಗಿಲ್ಲ. ಕಾಗದ ಎಲ್ಲಾ ಕೊಟ್ಟ ದಿನ ಅದಕ್ಕೊಂದು ರಸೀದಿ ಬರೆಸಿಕೊಳ್ಳಿ. ಇನ್ನೂ ಒಳ್ಳೆಯದು ಅಂದರೆ, ಚೀಟಿಗೆ ಸೇರುವ ಮೊದಲೇ ಇಬ್ಬರು ಜಾಮೀನುದಾರರನ್ನು ಕೇಳಿ ಒಪ್ಪಿಸಿಟ್ಟುಕೊಳ್ಳುವುದು.

ಎರಡು ಲಕ್ಷದ ಹತ್ತು ಸಾವಿರದಲ್ಲಿ ಕಮಿಷನ್ ಮೇಲಿನ ಜಿಎಸ್‌ಟಿ ಶೇ. 18ರಂತೆ 2,700 ಹಿಡಿದರು. ಸ್ಟಾಂಪ್ ಪೇಪರ್, ನೋಟರಿ, ಅದೂ ಇದೂ ಅಂತ 1,500. ಕೈಗೆ ಸಿಕ್ಕಿದ್ದು 2,05,800. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮೇಸ್ತ್ರಿ ಬಂದಿದ್ದು ಜುಲೈನಲ್ಲಿ. ಶೀಟು ಇಳಿಸಿದ ರಾತ್ರಿಯೇ ಜೋರು ಮಳೆ. ಟಾರ್ಪಾಲು ಗಾಳಿಗೆ ಹಾರಿ, ಅತ್ತೆಯ ಮಂಚ, ಬೀರು ಎಲ್ಲಾ ನೆಂದವು. ನಾವು ನಾಲ್ಕೂ ಜನ ಪಕ್ಕದ ಮನೆಯ ಹಜಾರದಲ್ಲಿ ಮಲಗಿದೆವು. ಅತ್ತೆ ಒಂದೇ ಮಾತು ಅಂದಿದ್ದು, "ಚೀಟಿ ಮನೇಗೆ ಚೀಟಿ ಅದೃಷ್ಟ."

ಮೋಲ್ಡ್ ಆಯಿತು, ಚೆನ್ನಾಗೇ ಆಯಿತು. ಆದರೆ ಕಂತು ಶುರುವಿನಲ್ಲಿ ಒಂಬತ್ತು ಸಾವಿರ ಇದ್ದದ್ದು ಏರುತ್ತಾ ಹೋಯಿತು. ಹನ್ನೊಂದನೇ ತಿಂಗಳ ಮೇಲೆ ಕೂಗುವವರ ಅರ್ಜೆಂಟು ಕಮ್ಮಿಯಾಗಿ, ಬಿಡುವ ದುಡ್ಡು ಇಳಿಯುತ್ತದೆ, ಅದರ ಜೊತೆ ಡಿವಿಡೆಂಡೂ ಇಳಿಯುತ್ತದೆ. 2025ರ ಜನವರಿಯಲ್ಲಿ ಒಬ್ಬರು ಐವತ್ತೈದು ಸಾವಿರ ಬಿಟ್ಟು ಎತ್ತಿಕೊಂಡರು, ನನಗಿಂತ ಮೂವತ್ತೈದು ಸಾವಿರ ಜಾಸ್ತಿ ಅವರ ಕೈಗೆ ಹೋಯಿತು. ಕೊನೆಯ ಕಂತು ನಾನು ಕಟ್ಟಿದ್ದು 11,880.

2025ರ ಮಾರ್ಚ್‌ನಲ್ಲಿ ನಮ್ಮನೆಯವರ ಬೆರಳು ಚೈನಿಗೆ ಸಿಕ್ಕಿ ಹದಿನೈದು ದಿನ ಗ್ಯಾರೇಜ್ ಮುಚ್ಚಿತು. ಕಂತು ಹನ್ನೆರಡು ದಿನ ತಡವಾಯಿತು. ಅದಕ್ಕೆ ಆ ತಿಂಗಳ ಡಿವಿಡೆಂಡ್ 1,400 ಹೋಯಿತು, ಮೇಲೆ ದಂಡ. ಅದಕ್ಕಿಂತ ನೋವಾಗಿದ್ದು, ಕಂಪನಿಯವರು ನನಗೆ ಎರಡು ಸಲ ಫೋನ್ ಮಾಡಿ, ಮೂರನೇ ಸಲ ಅಣ್ಣನ ಶಾಲೆಗೆ ಮಾಡಿದ್ದು. ನೋಟಿಸಿನಲ್ಲಿ ಇನ್ನೊಂದು ವಾಕ್ಯ ಇತ್ತು: ತಪ್ಪಿದರೆ ಮುಂದಿನ ಎಲ್ಲಾ ಕಂತನ್ನೂ ಒಟ್ಟಿಗೆ ವಸೂಲು ಮಾಡಲಾಗುವುದು. ಅಂದರೆ ಆಗ ಬಾಕಿ ಇದ್ದ ಎಂಟು ಕಂತು, ತೊಂಬತ್ತಾರು ಸಾವಿರ. ಸುಮ್ನೆ ಹೆದರಿಸುವ ಮಾತು ಅಂದುಕೊಂಡಿದ್ದೆ. ಅಲ್ಲ, ಎತ್ತಿದವರು ತಪ್ಪಿದರೆ ಹಾಗೆ ಕೇಳಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಅವತ್ತೇ ತಂಗಿಯ ಹತ್ತಿರ ಕೈಸಾಲ ಮಾಡಿ ಕಟ್ಟಿದೆ.

ಈಗ ರಫ್ ನೋಟ್‌ಬುಕ್ಕಿನ ಲೆಕ್ಕಕ್ಕೆ ಬರುತ್ತೇನೆ. ಮಾರ್ಚ್‌ನ ದಂಡ, ಹೋದ ಡಿವಿಡೆಂಡ್ ಇದರಲ್ಲಿ ಸೇರಿಸಿಲ್ಲ. 25 ತಿಂಗಳಲ್ಲಿ ಡಿವಿಡೆಂಡ್ ಕಳೆದು ಕಟ್ಟಬೇಕಾಗಿದ್ದು 2,54,840. ಸಿಕ್ಕಿದ್ದು 2,05,800. ವ್ಯತ್ಯಾಸ 49,040. ಎರಡು ಲಕ್ಷಕ್ಕೆ ಎರಡು ವರ್ಷದಲ್ಲಿ ನಲವತ್ತೊಂಬತ್ತು ಸಾವಿರ, ಬ್ಯಾಂಕಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ ಅಲ್ವಾ ಅಂತ ನಮ್ಮನೆಯವರು ಅಂದರು. ನಾನೂ ಮೊದಲು ಹಾಗೇ ಅಂದುಕೊಂಡೆ.

ಆಮೇಲೆ ಪಾಸ್‌ಬುಕ್ಕಿನ ಮೊದಲ ಪುಟ ನೋಡಿದೆ. ಮೇ ತಿಂಗಳಲ್ಲಿ ಚೀಟಿ ಬರುವ ಹೊತ್ತಿಗೆ ನಾನು ಆಗಲೇ ಎಂಟು ಕಂತು ಕಟ್ಟಿದ್ದೆ. ಒಟ್ಟು 78,000. ಅಂದರೆ ಬಂದ 2,05,800ರಲ್ಲಿ ಎಪ್ಪತ್ತೆಂಟು ಸಾವಿರ ನನ್ನದೇ ದುಡ್ಡು. ಬೇರೆಯವರಿಂದ ನನಗೆ ನಿಜವಾಗಿ ಬಂದ ಸಾಲ 1,27,800. ಬ್ಯಾಂಕಿನ ಮ್ಯಾನೇಜರ್ ಕೊಡುತ್ತೇನೆ ಅಂದಿದ್ದು ಎಷ್ಟು? 1,30,000. ಇಷ್ಟಕ್ಕೆ ಆಗಲ್ಲ ಅಂತ ಎದ್ದು ಬಂದಿದ್ದು ಅದಕ್ಕೇ.

ಅದೇ 1,27,800ನ್ನು ಶೇ. 14ರ ಬಡ್ಡಿಗೆ, ಉಳಿದಿದ್ದ ಅದೇ ಹದಿನೇಳು ತಿಂಗಳಿಗೆ ಬ್ಯಾಂಕಿನಿಂದ ತಂದಿದ್ದರೆ ಕಂತು ಸುಮಾರು 8,330. ಒಟ್ಟು ಬಡ್ಡಿ ಸುಮಾರು ಹದಿನಾಲ್ಕು ಸಾವಿರ. ಪ್ರೊಸೆಸಿಂಗ್ ಫೀಸು ಎರಡು ಮೂರು ಸಾವಿರ ಸೇರಿಸಿದರೂ ಹದಿನೇಳು. ನಾನು ಕೊಟ್ಟಿದ್ದು ನಲವತ್ತೊಂಬತ್ತು. ಊರಿನ ಭಾಷೆಯಲ್ಲಿ ಹೇಳಬೇಕು ಅಂದರೆ ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿಯ ಹತ್ತಿರ ಬಂತು. ಬಡ್ಡಿ ವ್ಯಾಪಾರಿ ಇಷ್ಟು ಕೇಳಿದ್ದರೆ ಬಾಗಿಲಿಂದಲೇ ಕಳಿಸುತ್ತಿದ್ದೆ.

ಚೀಟಿ ಮಾತಾಡುವಾಗ ಎಲ್ಲರೂ ದೊಡ್ಡ ಮೊತ್ತವನ್ನೇ ಹೇಳುತ್ತಾರೆ, ಮೂರು ಲಕ್ಷದ ಚೀಟಿ ಅಂತ. ಅದಕ್ಕೇ ಕಣ್ಣು ತಪ್ಪುವುದು. ನೀವು ಎತ್ತುವ ದಿನ ಮೊದಲು ಕೈಗೆ ಬರುವ ದುಡ್ಡು ಬರೆಯಿರಿ. ಅದರಲ್ಲಿ ಅವತ್ತಿನ ತನಕ ನೀವು ಕಟ್ಟಿದ್ದನ್ನು ಕಳೆಯಿರಿ. ಉಳಿದದ್ದಷ್ಟೇ ನಿಮಗೆ ಸಿಕ್ಕ ಸಾಲ. ಮುಂದಿನ ಕಂತುಗಳೆಲ್ಲ ಸೇರಿ ಎಷ್ಟಾಗುತ್ತದೆ ಅಂತ ಅದರ ಪಕ್ಕ ಇಡಿ. ಮುಂದಿನ ಡಿವಿಡೆಂಡ್ ಎಷ್ಟು ಬರುತ್ತದೆ ಅಂತ ಗೊತ್ತಿರುವುದಿಲ್ಲ, ಆದರೆ ಅದೇ ಕಂಪನಿಯ ಮುಗಿದ ಗುಂಪೊಂದರ ಹರಾಜಿನ ಪಟ್ಟಿ ಕೇಳಿದರೆ ಅಂದಾಜು ಸಿಗುತ್ತದೆ.

ಇಷ್ಟೆಲ್ಲ ಹೇಳಿ ಚೀಟಿಯೇ ಕೆಟ್ಟದ್ದು ಅನ್ನಲಾರೆ. ನಮ್ಮ ಗುಂಪಿನಲ್ಲಿ ಒಬ್ಬರು ಹೂವಿನ ವ್ಯಾಪಾರದವರು ಕೊನೆ ತನಕ ಕೂಗಲೇ ಇಲ್ಲ. ಅವರೂ ಕಟ್ಟಿದ್ದು ನನ್ನಷ್ಟೇ, 2,54,840. ಕೊನೆಗೆ ಅವರಿಗೆ ಕಮಿಷನ್, ಜಿಎಸ್‌ಟಿ ಕಳೆದು 2,82,300 ಸಿಕ್ಕಿತು. ಇಪ್ಪತ್ತೇಳು ಸಾವಿರ ಚಿಲ್ಲರೆ ಲಾಭ. ಅದು ಬಂದಿದ್ದು ನನ್ನಂಥವರು ತೊಂಬತ್ತಕ್ಕೆ ಕೂಗಿದ್ದರಿಂದ. ಕಾಯಲು ಆಗುವವರಿಗೆ, ಕಂಪನಿ ಗಟ್ಟಿ ಇದ್ದರೆ, ಅದು ಉಳಿತಾಯ. ನನ್ನ ಕಥೆಯಲ್ಲಿ ಅದು ಸಾಲ.

ನಮ್ಮನೆಯವರ ವಾದ ಇನ್ನೊಂದಿದೆ, ಅದರಲ್ಲೂ ಸತ್ಯ ಇದೆ. "ಚೀಟಿ ಇಲ್ದಿದ್ರೆ ಎಂಟು ತಿಂಗಳಲ್ಲಿ ಎಪ್ಪತ್ತೆಂಟು ಸಾವಿರ ನೀನು ಕೂಡಿಡ್ತಿದ್ದೆಯಾ?" ಅಂತ. ಬಹುಶಃ ಇಲ್ಲ. ಯಾರಿಗೋ ಕೊಡಬೇಕು ಅನ್ನುವ ಹೆದರಿಕೆ ಇಲ್ಲದೆ ನಮ್ಮಿಂದ ಉಳಿಯುವುದಿಲ್ಲ. ಅದಕ್ಕೇ ಈಗ ಸಂಬಳ ಬಿದ್ದ ಮಾರನೇ ದಿನವೇ ಖಾತೆಯಿಂದ ಐದು ಸಾವಿರ ಆರ್‌ಡಿಗೆ ತಾನಾಗೇ ಹೋಗುವ ಹಾಗೆ ಮಾಡಿದ್ದೇನೆ. ನಮ್ಮನೆಯವರೂ ಎರಡು ವರ್ಷದಿಂದ ರಿಟರ್ನ್ಸ್ ಹಾಕುತ್ತಿದ್ದಾರೆ.

ಕೊನೆ ಕಂತು ಕಟ್ಟಿದ ಮೇಲೂ ಒಂದು ಕೆಲಸ ಉಳಿದಿತ್ತು. ಬಾಕಿ ಇಲ್ಲ ಅಂತ ಪತ್ರ, ಪ್ರಾಮಿಸರಿ ನೋಟು, ಜಾಮೀನಿನ ಕಾಗದ, ಮೂರು ಚೆಕ್ ವಾಪಸ್ ತರಬೇಕು. ಎರಡು ಚೆಕ್ ಸಿಕ್ಕವು, ಮೂರನೆಯದು "ಹೆಡ್ ಆಫೀಸಿನಲ್ಲಿದೆ ಮೇಡಂ". ಮೂರು ಸಲ ಹೋದರೂ ಅದೇ ಉತ್ತರ. ಚೆಕ್ಕುಗಳ ನಂಬರ್ ಕೊಟ್ಟ ದಿನವೇ ಬರೆದಿಟ್ಟುಕೊಂಡಿದ್ದು ಒಳ್ಳೆಯದಾಯಿತು. ಸಿಗದ ಚೆಕ್ಕಿನ ನಂಬರ್ ಹಾಕಿ, ಅದು ಇನ್ನು ಚಲಾವಣೆಗೆ ಬೇಡ ಅಂತ ಕಂಪನಿಯಿಂದ ಸೀಲು ಹಾಕಿದ ಪತ್ರ ಬರೆಸಿಕೊಂಡೆ. ಬ್ಯಾಂಕಿಗೆ ಹೋಗಿ ಆ ಚೆಕ್ಕಿಗೆ ಸ್ಟಾಪ್ ಪೇಮೆಂಟ್ ಕೊಟ್ಟೆ. ಅದಕ್ಕೂ ಖಾತೆಯಿಂದ ಫೀಸು ಹಿಡಿದರು.

ಅದೇ ಬ್ಯಾಂಕು, ಅದೇ ಕೌಂಟರು. ಮ್ಯಾನೇಜರ್ ಮಾತ್ರ ಬೇರೆಯವರು ಬಂದಿದ್ದರು. ಅಣ್ಣನ ಜಾಮೀನು ಕಾಗದ ನನ್ನ ಬ್ಯಾಗಿನಲ್ಲೇ ಇತ್ತು, ಸಂಜೆ ಅವರ ಮನೆಗೆ ಕೊಟ್ಟು ಬರಬೇಕಿತ್ತು. ಮಾಳಿಗೆಗೆ ಹೋಗಲು ಮೆಟ್ಟಿಲು ಇನ್ನೂ ಆಗಿಲ್ಲ, ಏಣಿ ಹಾಕಿಕೊಂಡೇ ಬಟ್ಟೆ ಒಣಗಿಸುತ್ತಿದ್ದೇವೆ. ಬಂದಿದ್ದೀನಲ್ಲ, ಕೇಳಿಯೇ ಬಿಡೋಣ ಅಂತ ಮ್ಯಾನೇಜರ್ ಎದುರು ಕೂತೆ. "ಮನೆಯವರ ರಿಟರ್ನ್ಸ್ ಇದೆಯಾ ಮೇಡಂ?" ಅಂದರು. ಇದೆ ಸಾರ್, ಎರಡು ವರ್ಷದ್ದು, ಅಂದೆ.